ಕಪ್ ಪರೀಕ್ಷೆಯ ಹಳೆಯ ಅಂಕ, ಹೊಸ ಅಂಕ: ಒಂದಕ್ಕೊಂದು ಹೋಲಿಸುವುದು ಹೇಗೆ?

“ಮೂರು ವರ್ಷದ ಹಿಂದೆ ನನ್ನ ಪಾರ್ಚ್‌ಮೆಂಟಿಗೆ 83.25 ಅಂಕ ಬಂದಿತ್ತು. ಈ ಸಲ 81.75 ಬಂದಿದೆ. ತೋಟ ಅದೇ, ಪಲ್ಪರ್ ಅದೇ, ಕಣವೂ ಅದೇ. ತಪ್ಪಿದ್ದು ಎಲ್ಲಿ?” ಕಾಫಿಯನ್ನು ಕಪ್ ಪರೀಕ್ಷೆಗೆ ಕಳಿಸುವ ಸದಸ್ಯರು ಹೀಗೆ ಕೇಳುವುದು ಸಹಜ. ಇಂಥ ಪ್ರಶ್ನೆ ಬಂದಾಗ ಹೆಚ್ಚಿನವರು ತಕ್ಷಣ ಗೊಬ್ಬರವನ್ನೋ ಮಳೆಯನ್ನೋ ದೂರುತ್ತಾರೆ, ಇಲ್ಲವೇ ಕೊಯ್ಲಿನ ಆಳುಗಳನ್ನು ದೂರುತ್ತಾರೆ. ಅದಕ್ಕೆ ಮೊದಲು ನೋಡಬೇಕಾದದ್ದು ಪರೀಕ್ಷೆಯ ಚೀಟಿಯ ತಲೆಬರಹವನ್ನು. ಎರಡು ಚೀಟಿಗಳೂ ಒಂದೇ ನಮೂನೆಯವೇ? ಅಲ್ಲವಾದರೆ ಆ ಎರಡು ಅಂಕಗಳನ್ನು ಕಳೆದು 1.50 ಇಳಿದಿದೆ ಎನ್ನುವುದು, ಅಜ್ಜನ ಕಾಲದ ಮಣದ ಲೆಕ್ಕದಿಂದ ಇಂದಿನ ಕಿಲೋ ಲೆಕ್ಕವನ್ನು ಕಳೆದಂತೆ. ಹಳೆಯ ಕಡತದಲ್ಲಿ ಬರಿಯ “ಮಣ” ಎಂದಿದ್ದರೆ ಅದು ಯಾವ ಊರಿನ ಮಣ ಎಂಬುದು ತಿಳಿಯದೆ ಲೆಕ್ಕ ಮುಂದೆ ಸಾಗುವುದಿಲ್ಲ. ಅಂಕದ ವಿಷಯದಲ್ಲಿ ತೊಂದರೆ ಇನ್ನೂ ಸೂಕ್ಷ್ಮವಾದದ್ದು. ಮಣ ಮತ್ತು ಕಿಲೋಗಳಿಗೆ ಹೆಸರಾದರೂ ಬೇರೆ ಇದೆ, ಇಲ್ಲಿ ಎರಡಕ್ಕೂ “ನೂರಕ್ಕೆ ಇಷ್ಟು” ಎಂಬ ಒಂದೇ ವೇಷ.

ಪೂಲಿಗೆ ಕಾಫಿ ಕೊಟ್ಟು ಪಾಯಿಂಟ್ ಲೆಕ್ಕದಲ್ಲಿ ಹಣ ಪಡೆದ ಹಿರಿಯ ಬೆಳೆಗಾರರಿಗೆ ಪಾಯಿಂಟು ಎಂದರೆ ರೊಕ್ಕ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೂಲು 1990ರ ದಶಕದ ನಡುವಿನಲ್ಲಿ ಮುಗಿಯಿತು. ಈಗ ಉತ್ತಮ ಕಾಫಿಯನ್ನು ಪ್ರತ್ಯೇಕ ಲಾಟು ಮಾಡಿ ಮಾರುವವರಿಗೆ ಪಾಯಿಂಟಿನ ಜಾಗದಲ್ಲಿ ಕಪ್ ಪರೀಕ್ಷೆಯ ಅಂಕ ಬಂದು ಕೂತಿದೆ.

ಜಗತ್ತಿನಲ್ಲಿ ಬಹುಕಾಲ ನಡೆದುಬಂದ ನಮೂನೆ ಅಮೆರಿಕದ ಸ್ಪೆಷಾಲಿಟಿ ಕಾಫಿ ಸಂಘವು 2004ರಲ್ಲಿ ರೂಪಿಸಿದ್ದು. ಆ ಸಂಘ 2017ರಲ್ಲಿ ಯುರೋಪಿನ ಸಂಘದೊಡನೆ ಸೇರಿ ಇಂದಿನ ಎಸ್‌ಸಿಎ ಆಯಿತು. ಅದೇ ಎಸ್‌ಸಿಎ 2023ರಲ್ಲಿ ‘ಕಾಫಿ ವ್ಯಾಲ್ಯೂ ಅಸೆಸ್‌ಮೆಂಟ್’ ಎಂಬ ಹೊಸ ಪದ್ಧತಿಯನ್ನು ಪ್ರಯೋಗಕ್ಕೆ ತಂದು, 2024ರ ನವೆಂಬರಿನಲ್ಲಿ ಅದನ್ನು ತನ್ನ ಅಧಿಕೃತ ಮಾನದಂಡವೆಂದು ಸ್ವೀಕರಿಸಿತು. 2025ರಲ್ಲಿ ಕ್ಯೂ ಗ್ರೇಡರ್‌ಗಳ ತರಬೇತಿಯೂ ಈ ಹೊಸ ಪದ್ಧತಿಗೆ ತಿರುಗಿತು. ಹೀಗಾಗಿ ನಮ್ಮ ಕೈಗೆ ಬರುವ ಚೀಟಿಗಳಲ್ಲಿ ಕೆಲವು ಹಳೆಯ ನಮೂನೆಯವು, ಕೆಲವು ಹೊಸವು. ಮೇಲಿನ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಹಳೆಯ ನಮೂನೆಯಲ್ಲಿ ಹತ್ತು ಕಲಂಗಳು, ಒಂದೊಂದಕ್ಕೂ ಹತ್ತು ಅಂಕ. ಪರಿಮಳ, ರುಚಿ, ನಾಲಗೆಯಲ್ಲಿ ಉಳಿಯುವ ರುಚಿ, ಹುಳಿ, ಬಾಡಿ, ಸಮತೋಲ, ಒಟ್ಟಾರೆ ಅಭಿಪ್ರಾಯ – ಈ ಏಳಕ್ಕೆ ರುಚಿಗಾರನು 6ರಿಂದ 10ರ ನಡುವೆ ಕಾಲು ಕಾಲು ಅಂಕದ ಲೆಕ್ಕದಲ್ಲಿ ಬರೆಯುತ್ತಾನೆ. ಉಳಿದ ಮೂರು ಕಲಂಗಳಾದ ಏಕರೂಪತೆ, ಶುದ್ಧತೆ, ಸಿಹಿ ಇವುಗಳ ಲೆಕ್ಕವೇ ಬೇರೆ. ಮೇಜಿನ ಮೇಲೆ ಐದು ಕಪ್ಪು ಇಡುತ್ತಾರೆ. ಕುಂದಿಲ್ಲದ ಪ್ರತಿ ಕಪ್ಪಿಗೆ ಎರಡು ಅಂಕ. ಐದೂ ಸರಿಯಿದ್ದರೆ ಮೂರು ಕಲಂಗಳಿಂದ 30 ಅಂಕ ಹಾಗೆಯೇ ಸೇರಿಬಿಡುತ್ತದೆ. ಸಿಹಿ ಎಷ್ಟು, ಹೇಗಿದೆ ಎಂದು ಅಲ್ಲಿ ತೂಗುವುದಿಲ್ಲ. ಇದೆಯೋ ಇಲ್ಲವೋ ಎಂದಷ್ಟೇ ನೋಡುತ್ತಾರೆ. ಒಂದು ಉದಾಹರಣೆ ನೋಡಿ. ಅಚ್ಚುಕಟ್ಟಾಗಿ ಒಣಗಿಸಿದ ಒಂದು ಅರೇಬಿಕಾ ಪಾರ್ಚ್‌ಮೆಂಟಿಗೆ ಏಳು ಕಲಂಗಳಲ್ಲೂ ತಲಾ 7.50 ಬಂದಿತೆನ್ನಿ. ಏಳೂವರೆ ಏಳಲೆ 52.50, ಅದಕ್ಕೆ 30 ಸೇರಿ 82.50.

ಹೊಸ ಪದ್ಧತಿಯಲ್ಲಿ ಕಾಫಿಯ ವರ್ಣನೆಗೂ ಮೆಚ್ಚುಗೆಗೂ ಬೇರೆ ಬೇರೆ ಹಾಳೆ. ಹುಳಿ ಎಷ್ಟು ಜೋರು, ಬಾಡಿ ಎಷ್ಟು ದಟ್ಟ ಎಂಬುದನ್ನು ವರ್ಣನೆಯ ಹಾಳೆಯಲ್ಲಿ 0ಯಿಂದ 15ರವರೆಗಿನ ಅಳತೆಯಲ್ಲಿ ಬರೆಯುತ್ತಾರೆ. ಅದರಿಂದ ಅಂಕ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅಂಕ ಹುಟ್ಟುವುದು ಮೆಚ್ಚುಗೆಯ ಹಾಳೆಯಿಂದ. ಅದರಲ್ಲಿ ಎಂಟು ಕಲಂ: ಒಣ ಪುಡಿಯ ಪರಿಮಳ, ನೀರು ಹೊಯ್ದ ಮೇಲಿನ ಸುವಾಸನೆ, ರುಚಿ, ಉಳಿಯುವ ರುಚಿ, ಹುಳಿ, ಸಿಹಿ, ಬಾಯಿಗೆ ಸಿಗುವ ಮೈ, ಒಟ್ಟಾರೆ. ಪ್ರತಿಯೊಂದಕ್ಕೂ 1ರಿಂದ 9ರವರೆಗೆ ಪೂರ್ಣಾಂಕ. 5 ಎಂದರೆ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಆಮೇಲೆ ಈ ಸೂತ್ರ:

S = 0.65625 × Σh + 52.75 − 2u − 4d

ಇಲ್ಲಿ Σh ಎಂಬುದು ಎಂಟು ಕಲಂಗಳ ಮೊತ್ತ, u ಎಂಬುದು ಉಳಿದವುಗಳಿಗೆ ಹೊಂದದ ಕಪ್ಪುಗಳ ಸಂಖ್ಯೆ, d ಎಂಬುದು ದೋಷವಿರುವ ಕಪ್ಪುಗಳ ಸಂಖ್ಯೆ. ಬಂದ ಉತ್ತರವನ್ನು ಹತ್ತಿರದ ಕಾಲು ಅಂಕಕ್ಕೆ ಸರಿಪಡಿಸುತ್ತಾರೆ. ಸೂತ್ರ ಕಂಡು ಗಾಬರಿಯಾಗುವುದು ಬೇಡ. ಮೇಲಿನ ಅದೇ ಕಾಫಿಗೆ ಹೊಸ ಹಾಳೆಯಲ್ಲಿ ಪುಡಿಯ ಪರಿಮಳ, ಸುವಾಸನೆ, ರುಚಿ, ಹುಳಿ, ಒಟ್ಟಾರೆ ಈ ಐದಕ್ಕೆ ಆರಾರು, ಉಳಿಯುವ ರುಚಿ, ಸಿಹಿ, ಮೈ ಈ ಮೂರಕ್ಕೆ ಐದೈದು ಬಂದಿತೆಂದುಕೊಳ್ಳಿ. ಮೊತ್ತ 45. ಅದನ್ನು 0.65625ರಿಂದ ಗುಣಿಸಿದರೆ 29.53, 52.75 ಕೂಡಿಸಿದರೆ 82.28, ಚೀಟಿಯಲ್ಲಿ ಬರುವುದು 82.25.

82.50 ಮತ್ತು 82.25 ಎಂಬ ಈ ಹತ್ತಿರದ ಅಂಕಗಳೇ ಮೋಸ ಮಾಡುವಂಥವು. ಎಂಟಕ್ಕೂ ಒಂಬತ್ತು ಬಂದರೆ ಸರಿಯಾಗಿ 100, ಎಂಟಕ್ಕೂ ಒಂದೇ ಬಂದರೆ 58 ಆಗುವಂತೆ ಸೂತ್ರವನ್ನು ಹೊಂದಿಸಿದ್ದಾರೆ. ನೋಡುವವರಿಗೆ ಹಳೆಯ ನೂರರ ಲೆಕ್ಕವೇ ಮುಂದುವರಿದಂತೆ ಕಾಣುತ್ತದೆ. ಒಳಗಿನ ಸರಕು ಮಾತ್ರ ಬೇರೆ. ಹಳೆಯದರಲ್ಲಿ 6 ಎಂದರೆ “ಚೆನ್ನಾಗಿದೆ” ಎಂಬ ಅರ್ಥದ ಕೆಳಮೆಟ್ಟಿಲು. ಹೊಸದರಲ್ಲಿ 6 ಎಂದರೆ ನಡುಮಧ್ಯಕ್ಕಿಂತ ಒಂದು ಮೆಟ್ಟಿಲು ಮೇಲೆ. ಸಿಹಿಯ ಕಲಮನ್ನಂತೂ ವಿಶೇಷವಾಗಿ ಗಮನಿಸಬೇಕು. ಕಲಮಿನ ಹೆಸರು ಎರಡರಲ್ಲೂ “ಸಿಹಿ”ಯೇ. ಆದರೆ ಹಳೆಯ ಚೀಟಿಯಲ್ಲಿ ಸಾಧಾರಣ ಶುದ್ಧ ಕಾಫಿಗೂ ಸಿಹಿಗೆ 10 ಬೀಳುತ್ತಿತ್ತು. ಹೊಸದರಲ್ಲಿ ಅದೇ ಕಾಫಿಗೆ 5 ಬರಬಹುದು. ಹಳೆಯ ರಿಜಿಸ್ಟರಿನ ಸಿಹಿಯ ಕಲಮಿನಲ್ಲೇ ಹೊಸ ಅಂಕವನ್ನೂ ಬರೆಯುತ್ತಾ ಹೋದರೆ, ನಾಲ್ಕು ವರ್ಷದ ನಂತರ ಓದುವವರಿಗೆ ಇಡೀ ಊರಿನ ಕಾಫಿಯ ಸಿಹಿ ಒಂದೇ ವರ್ಷದಲ್ಲಿ ಅರ್ಧಕ್ಕೆ ಇಳಿದಂತೆ ತೋರುತ್ತದೆ.

ಆದುದರಿಂದ ನಮೂನೆ ಬದಲಾದಾಗ ಕಲಂಗಳನ್ನು ಒಂದೊಂದಾಗಿ ಎದುರುಬದುರು ಇಟ್ಟು ನೋಡತಕ್ಕದ್ದು. ರುಚಿ, ಉಳಿಯುವ ರುಚಿ, ಹುಳಿ ಇವು ಹೆಸರಿನಲ್ಲಿಯೂ ಅರ್ಥದಲ್ಲಿಯೂ ಹೆಚ್ಚು ಕಡಿಮೆ ಹಾಗೆಯೇ ಇವೆ, ಅಳತೆ ಮಾತ್ರ ಬೇರೆ. ಬಾಡಿ ಹೆಸರು ಬದಲಿಸಿಕೊಂಡಿದೆ. ಪರಿಮಳ ಒಂದಿದ್ದದ್ದು ಎರಡಾಗಿದೆ. ಸಮತೋಲದ ಕಲಂ ಹೋಗಿಯೇ ಬಿಟ್ಟಿದೆ. ಏಕರೂಪತೆ ಮತ್ತು ಶುದ್ಧತೆ ಕೂಡಿಸುವ ಅಂಕವಾಗಿದ್ದವು, ಈಗ ಕಳೆಯುವ ಅಂಕವಾಗಿವೆ. ಸಿಹಿ ಹೆಸರು ಉಳಿಸಿಕೊಂಡು ಅರ್ಥ ಬದಲಿಸಿದೆ; ಎಲ್ಲಕ್ಕಿಂತ ಅಪಾಯದ್ದು ಇದೇ. ಹೊಸದಾಗಿ ಹುಟ್ಟಿದ ಕಲಂಗಳಿಗೆ ಹಳೆಯ ಸಾಲುಗಳಲ್ಲಿ ಸೊನ್ನೆ ಹಾಕಕೂಡದು, ಅಡ್ಡಗೆರೆ ಎಳೆಯಬೇಕು. ಸೊನ್ನೆ ಎಂದರೆ ಪರೀಕ್ಷಿಸಿ ಸೊನ್ನೆ ಬಂತು ಎಂದಾಗುತ್ತದೆ. ಗೆರೆ ಎಂದರೆ ಆ ವರ್ಷ ಅದನ್ನು ಕೇಳಿಯೇ ಇರಲಿಲ್ಲ ಎಂದು.

ಇನ್ನು ತೀರ್ಪಿನ ಮಾತು. ಹಳೆಯ ನಮೂನೆಯಲ್ಲಿ 80 ಮತ್ತು ಮೇಲ್ಪಟ್ಟದ್ದು ಸ್ಪೆಷಾಲಿಟಿ ಎಂಬ ಗೆರೆಯಿತ್ತು. ಹೊಸ ಪದ್ಧತಿಯು ಸ್ಪೆಷಾಲಿಟಿಯನ್ನು ಒಂದೇ ಅಂಕದ ಗೆರೆಯಿಂದ ನಿರ್ಣಯಿಸುವುದಿಲ್ಲ. ವಿಶಿಷ್ಟ ಗುಣಗಳಿದ್ದು, ಅವುಗಳಿಂದಾಗಿ ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆ ಹುಟ್ಟುವ ಕಾಫಿ ಎಂಬುದು ಅದರ ವ್ಯಾಖ್ಯೆ. ಆದರೂ ಕೊಳ್ಳುವವರು, ಸಂಘಗಳು 80ರ ಗೆರೆಯನ್ನು ಅಭ್ಯಾಸಬಲದಿಂದ ಹಿಡಿದುಕೊಂಡಿರುವುದುಂಟು. ಅಂಕ ಕೊಡುವ ಕೈ ಬದಲಾಗಿ, ಗೆರೆ ಮಾತ್ರ ಇದ್ದಲ್ಲೇ ಉಳಿದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡೋಣ.

ಒಂದು ಸಂಘವು ಬದಲಾವಣೆಯ ವರ್ಷದಲ್ಲಿ ಆರು ಮಾದರಿಗಳನ್ನು ಎರಡೂ ನಮೂನೆಗಳಲ್ಲಿ ಪರೀಕ್ಷೆ ಮಾಡಿಸಿತೆಂದು ಭಾವಿಸಿ. (ಈ ಅಂಕಗಳು ರೀತಿಯನ್ನು ತಿಳಿಸಲು ನಾವೇ ಹಾಕಿಕೊಂಡವು, ಯಾವ ಊರಿನ ಫಲಿತಾಂಶವೂ ಅಲ್ಲ.)

ಮೊದಲನೆಯದು: ಹಳೆಯದು 84.00, ಹೊಸದು 84.25
ಎರಡನೆಯದು: ಹಳೆಯದು 82.50, ಹೊಸದು 82.25
ಮೂರನೆಯದು: ಹಳೆಯದು 81.00, ಹೊಸದು 79.75
ನಾಲ್ಕನೆಯದು: ಹಳೆಯದು 80.25, ಹೊಸದು 79.00
ಐದನೆಯದು: ಹಳೆಯದು 79.00, ಹೊಸದು 77.00
ಆರನೆಯದು: ಹಳೆಯದು 77.50, ಹೊಸದು 75.75

ಮೂರನೆಯ ಮತ್ತು ನಾಲ್ಕನೆಯ ಮಾದರಿಗಳನ್ನು ನೋಡಿ. ಹಳೆಯ ಚೀಟಿಯಲ್ಲಿ ಪ್ರತ್ಯೇಕ ಲಾಟಿಗೆ ಅರ್ಹ, ಹೊಸ ಚೀಟಿಯಲ್ಲಿ ರಾಶಿಗೆ ಸೇರಬೇಕಾದವು. ಕಾಫಿ ಮಾತ್ರ ಅದೇ ಚೀಲದ್ದು. ಆ ಇಬ್ಬರು ಬೆಳೆಗಾರರು ಕಳೆದುಕೊಳ್ಳುವ ಪ್ರೀಮಿಯಮ್ಮಿಗೆ ಅವರ ತೋಟದಲ್ಲಿ ಕಾರಣ ಹುಡುಕಿದರೆ ಸಿಕ್ಕುವುದಿಲ್ಲ.

ಎರಡನೆಯದಾಗಿ, ವ್ಯತ್ಯಾಸ ಎಲ್ಲ ಕಡೆಯೂ ಒಂದೇ ಅಲ್ಲ. ಮೇಲಿನ ದರ್ಜೆಯಲ್ಲಿ ಎರಡೂ ಹೆಚ್ಚು ಕಡಿಮೆ ಸಮ. ಕೆಳಗೆ ಇಳಿದಂತೆ ಅಂತರ ಒಂದೂಕಾಲು, ಎರಡರವರೆಗೆ ಹೋಗಿದೆ. ಇಂಥದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಶುದ್ಧವಾಗಿದ್ದ ಮಾತ್ರಕ್ಕೆ ಸಿಗುತ್ತಿದ್ದ ಸಿಹಿಯ ಹತ್ತು ಅಂಕವನ್ನು ಸಾಧಾರಣ ಕಾಫಿ ಈಗ ಮೆಚ್ಚುಗೆಯಿಂದ ಗಳಿಸಬೇಕಾಗಿದೆ. ಆದುದರಿಂದ “ಹೊಸ ಅಂಕಕ್ಕೆ ಒಂದು ಸೇರಿಸಿಕೊಳ್ಳಿ, ಹಳೆಯದು ಬರುತ್ತದೆ” ಎಂಬ ಬಾಯಿಲೆಕ್ಕ ನಡೆಯುವುದಿಲ್ಲ. ಮೇಲಿನವರಿಗೆ ಅದು ಪುಕ್ಕಟೆ ಲಾಭ, ಕೆಳಗಿನವರಿಗೆ ಸಾಲದು.

ಈ ಪಟ್ಟಿ ಕೈಯಲ್ಲಿದ್ದರೆ ಆರಂಭದ ಪ್ರಶ್ನೆಗೆ ಉತ್ತರ ಹೇಳಬಹುದು. ಹೊಸ 81.75 ಎಂಬುದು ಹೊಸ ಸಾಲಿನ 79.75 ಮತ್ತು 82.25ರ ನಡುವೆ ಬೀಳುತ್ತದೆ. ಆ ಎರಡರ ಅಂತರ 2.50, ನಮ್ಮ ಅಂಕ ಕೆಳಗಿನದರಿಂದ 2.00 ಮೇಲಿದೆ, ಅಂದರೆ ಐದರಲ್ಲಿ ನಾಲ್ಕು ಪಾಲು ಮೇಲೆ. ಹಳೆಯ ಸಾಲಿನಲ್ಲಿ ಅದೇ ಜಾಗ 81.00 ಮತ್ತು 82.50ರ ನಡುವೆ, ಅಂತರ 1.50, ಅದರ ಐದರಲ್ಲಿ ನಾಲ್ಕು ಪಾಲು 1.20. ಹೀಗೆ ಹಳೆಯ ಲೆಕ್ಕದಲ್ಲಿ ಅದು ಸುಮಾರು 82.20. ಇಳಿದದ್ದು 1.50 ಅಲ್ಲ, ಸುಮಾರು ಒಂದು ಅಂಕ. ಆ ಒಂದು ಅಂಕವಾದರೂ ನಿಜವೇ ಎಂಬುದು ಮುಂದಿನ ಪ್ರಶ್ನೆ. ಅದನ್ನು ತಿಳಿಯಲು ಒಂದು ಹಳೆಯ ಉಪಾಯವಿದೆ: ಒಂದೇ ಮಾದರಿಯನ್ನು ಎರಡು ಬೇರೆ ಗುಪ್ತ ಸಂಖ್ಯೆಗಳಲ್ಲಿ ಮೇಜಿಗೆ ಇಡುವುದು. ರುಚಿಗಾರರ ತಂಡ ಅದೇ ಕಾಫಿಗೆ ಎರಡು ಸಲ ಕೊಟ್ಟ ಅಂಕಗಳಲ್ಲಿ ಮುಕ್ಕಾಲು ಅಂಕದ ಏರುಪೇರು ಬಂದರೆ, ಮೂರು ವರ್ಷದ ಅಂತರದಲ್ಲಿ ಬಂದ ಒಂದು ಅಂಕದ ಇಳಿಕೆಯನ್ನು ಹಿಡಿದು ತೋಟದ ಪದ್ಧತಿ ಬದಲಿಸಹೊರಡುವುದು ಅವಸರವೇ ಸರಿ.

ಎರಡು ನಮೂನೆಗಳ ನಡುವೆ ಇಂಥ ಸೇತುವೆ ಕಟ್ಟುವ ಕೆಲಸಕ್ಕೆ ಒಂದೇ ಒಂದು ಸುಗ್ಗಿ ಸಿಗುತ್ತದೆ. ತಕ್ಕಡಿ ಬದಲಾದರೆ ಹಳೆಯ ಕಬ್ಬಿಣದ ತೂಕದ ಕಲ್ಲನ್ನು ಹತ್ತು ವರ್ಷದ ಮೇಲೂ ತೂಗಿ ನೋಡಬಹುದು. ಕಾಫಿ ಬೀಜ ಹಾಗಲ್ಲ. ಮಲೆನಾಡಿನ ಒಂದು ಮಳೆಗಾಲ ದಾಟಿದ ಬೀಜ ತೇವ ಕುಡಿದು, ಬಣ್ಣ ಮಾಸಿ, ಮರದ ರುಚಿ ತೋರುತ್ತದೆ. 2021ರ ಮಾದರಿಯನ್ನು ಈಗ ಹೊಸ ನಮೂನೆಯಲ್ಲಿ ಪರೀಕ್ಷಿಸಿದರೆ ತಿಳಿಯುವುದು ಬೀಜದ ಮುಪ್ಪು ಮಾತ್ರ. ಹೊಸ ಬೆಳೆಯ ಮಾದರಿಗಳನ್ನೇ, ಹಳೆಯ ನಮೂನೆಯಲ್ಲಿ ಪಳಗಿದ ರುಚಿಗಾರರು ಇನ್ನೂ ಇರುವಾಗಲೇ, ಎರಡೂ ಹಾಳೆಗಳಲ್ಲಿ ಬರೆಸಿಡಬೇಕು.

ಮಾದರಿ ಹತ್ತು ಹನ್ನೆರಡಾದರೂ ಇರಲಿ. ಒಳ್ಳೆಯವನ್ನೇ ಆರಿಸಬೇಡಿ, 76ರ ಸುಮಾರಿನಿಂದ 85ರವರೆಗೆ ಹರಡಿರಲಿ, 80ರ ಆಸುಪಾಸಿನವು ಹೆಚ್ಚಿರಲಿ, ಏಕೆಂದರೆ ತೀರ್ಪು ಉರುಳುವುದು ಅಲ್ಲಿ. ಪ್ರತಿ ಮೇಜಿಗೆ ಐದು ಕಪ್ಪು, ಕಪ್ಪಿಗೆ 150 ಮಿಲಿ ನೀರಿಗೆ 8.25 ಗ್ರಾಂ ಪುಡಿ, ಅಂದರೆ ನಲವತ್ತೊಂದು ಗ್ರಾಂನಷ್ಟು. ಎರಡು ನಮೂನೆ, ಒಂದೊಂದರಲ್ಲೂ ಎರಡು ಸಲ, ಪ್ರತಿ ಸಲವೂ ನೂರು ಗ್ರಾಂ ಹಸಿ ಬೀಜ ಹುರಿಯುವುದೆಂದರೆ ನಾನೂರು ಗ್ರಾಂ. ಕೈಕಾವಲಿಗೆ ಸೇರಿಸಿ ಅರ್ಧ ಕಿಲೋ ತೆಗೆದಿಟ್ಟರೆ ಸಾಕು. ಹುರಿದ ಬೀಜ ಎಂಟು ಗಂಟೆ ಆರಿ, ಇಪ್ಪತ್ತನಾಲ್ಕು ಗಂಟೆಯೊಳಗೆ ಕಪ್ಪಿಗೆ ಬರಬೇಕೆಂಬ ನಿಯಮವಿರುವುದರಿಂದ ಎರಡನೆಯ ದಿನಕ್ಕೆ ಅದೇ ಬಣ್ಣಕ್ಕೆ ಹೊಸದಾಗಿ ಹುರಿಯಬೇಕು. ಅರ್ಧ ಮಾದರಿಗಳಿಗೆ ಮೊದಲ ದಿನ ಹಳೆಯ ಹಾಳೆ, ಉಳಿದರ್ಧಕ್ಕೆ ಮೊದಲ ದಿನ ಹೊಸ ಹಾಳೆ. ಇಲ್ಲವಾದರೆ ದಿನದ ವ್ಯತ್ಯಾಸವೇ ನಮೂನೆಯ ವ್ಯತ್ಯಾಸದ ವೇಷ ಹಾಕಿಕೊಂಡು ಬರುತ್ತದೆ. ರುಚಿಗಾರರು ಎರಡೂ ದಿನ ಅವರೇ ಇರಬೇಕು, ಗುಪ್ತ ಸಂಖ್ಯೆ ಮಾತ್ರ ಬದಲಾಗಬೇಕು.

ಸಂಘದ ರಿಜಿಸ್ಟರಿನಲ್ಲಿ ಎರಡು ಸಂಗತಿಗಳಿಗೆ ಬೇರೆ ಬೇರೆ ಸಂಖ್ಯೆ ಬೇಕು. ಒಂದು, ಅಂಕ ಯಾವ ನಮೂನೆಯಲ್ಲಿ ಬಂತು ಎಂಬುದು. ಇನ್ನೊಂದು, ಆ ಅಂಕದಿಂದ ತೀರ್ಪು ಯಾವ ನಿಯಮದ ಮೇಲೆ ಆಯಿತು ಎಂಬುದು. “80ಕ್ಕೆ ಮೇಲ್ಪಟ್ಟದ್ದು ಪ್ರತ್ಯೇಕ ಲಾಟು” ಎಂಬುದನ್ನು ನಿಯಮ 1 ಎನ್ನಿ. ಹೊಸ ನಮೂನೆಗೆ ಮೇಲಿನ ಪಟ್ಟಿಯ ಆಧಾರದಿಂದ ಗೆರೆಯನ್ನು 79ಕ್ಕೆ ಇಳಿಸಿ ಸಭೆಯಲ್ಲಿ ಒಪ್ಪಿದರೆ ಅದು ನಿಯಮ 2. ಒಪ್ಪಿದ ತಾರೀಖನ್ನೂ ಬರೆಯಿರಿ. ಇವೆರಡನ್ನು ಬೆರೆಸಿಬಿಟ್ಟರೆ, ಮುಂದೆ ಗೆರೆ ಮಾತ್ರ ಬದಲಾದ ವರ್ಷದಲ್ಲಿ ಕಾಫಿಯ ಗುಣವೇ ಬದಲಾಯಿತೆಂಬ ಗೊಂದಲ ಹುಟ್ಟುತ್ತದೆ. ಷರಾ ಬರೆಯಲು ಒಂದು ಕಲಂ ಹೆಚ್ಚಿಸಿದಂಥ ಸಣ್ಣ ತಿದ್ದುಪಡಿಗೆ 2.1 ಎಂದರೆ ಸಾಕು; ಯಾವುದೇ ಅಂಕದ ಅರ್ಥ ಬದಲಾದರೆ ಮಾತ್ರ ಮುಂದಿನ ಪೂರ್ಣ ಸಂಖ್ಯೆ ಕೊಡಬೇಕು.

ಹಳೆಯ ತೀರ್ಪನ್ನು ಅಳಿಸಿ ಹೊಸದನ್ನು ಬರೆಯುವುದು ಸಲ್ಲದು. ಆ ತೀರ್ಪಿನ ಮೇಲೆಯೇ ಆ ವರ್ಷ ಹಣ ಬಟವಾಡೆಯಾಗಿದೆ. ಅದರ ಪಕ್ಕದಲ್ಲಿ “ನಿಯಮ 2ರ ಪ್ರಕಾರ” ಎಂದು ಇನ್ನೊಂದು ಕಲಂ ತೆರೆದು ಬರೆಯಬಹುದು. ಹಾಗೆ ಬರೆಯುವುದಕ್ಕೆ ಬೇಕಾದದ್ದು ಒಟ್ಟು ಅಂಕವಲ್ಲ, ಪ್ರತಿ ರುಚಿಗಾರನ ಪ್ರತಿ ಕಲಮಿನ ಅಂಕ. 82.50 ಎಂಬ ಒಟ್ಟು ಮಾತ್ರ ಉಳಿದಿದ್ದರೆ ಅದು ಏಳು ಕಲಮಿನ ಏಳೂವರೆಗಳಿಂದ ಬಂತೋ, ಅಥವಾ ಸೊಗಸಾದ ಕಾಫಿಯಲ್ಲಿ ಒಂದು ಕಪ್ಪು ಕೆಟ್ಟು ಅಂಕ ಕಳೆದು ಬಂತೋ ತಿಳಿಯುವುದಿಲ್ಲ. ಮೊದಲನೆಯವರು ತೋಟದ ಕಡೆ ನೋಡಬೇಕು, ಎರಡನೆಯವರು ಹುದುಗಿನ ತೊಟ್ಟಿಯನ್ನೂ ಕಣವನ್ನೂ ನೋಡಬೇಕು. ಆದುದರಿಂದ ಮಾದರಿ ಕಳಿಸುವಾಗಲೇ ಪೂರ್ತಿ ಹಾಳೆಯ ಪ್ರತಿ ಬೇಕೆಂದು ಕೇಳಿ ಪಡೆಯಿರಿ. ಕೊಡುವವರಿಗೆ ಅದೇನೂ ಹೆಚ್ಚಿನ ಶ್ರಮವಲ್ಲ.

ರೊಬಸ್ಟಾ ಬೆಳೆಗಾರರಿಗೆ ಒಂದು ಎಚ್ಚರಿಕೆ. ಉತ್ತಮ ರೊಬಸ್ಟಾಕ್ಕೆ 2010ರಲ್ಲಿ ಪ್ರತ್ಯೇಕ ನಮೂನೆಯೇ ಬಂದಿತ್ತು. ಅದರಲ್ಲಿ ಬರಿಯ ಹುಳಿಯ ಬದಲು ಉಪ್ಪು-ಹುಳಿಯ ಕಲಂ, ಸಿಹಿಯ ಜಾಗದಲ್ಲಿ ಕಹಿ-ಸಿಹಿಯ ಕಲಂ. ಆದ್ದರಿಂದ ಹಳೆಯ ರೊಬಸ್ಟಾ 82ನ್ನು ಹಳೆಯ ಅರೇಬಿಕಾ 82ರ ಪಕ್ಕದಲ್ಲಿ ಇಡಲು ಮೊದಲಿಗೂ ಬರುತ್ತಿರಲಿಲ್ಲ. ಅರೇಬಿಕಾ ಮಾದರಿಗಳಿಂದ ಕಟ್ಟಿದ ಸೇತುವೆ ಪಟ್ಟಿಯನ್ನು ರೊಬಸ್ಟಾಕ್ಕೆ ಬಳಸಕೂಡದು. ಅದಕ್ಕೆ ಅದರದೇ ಹತ್ತು ಹನ್ನೆರಡು ಮಾದರಿ ಬೇಕು.

ಹಿಂದಿನ ವರ್ಷಗಳ ಚೀಟಿಗಳಲ್ಲಿ ಒಟ್ಟು ಅಂಕ ಮಾತ್ರ ಇದ್ದು, ನಮೂನೆಯ ಹೆಸರೇ ಇಲ್ಲದಿದ್ದರೆ, ಸಿಹಿಯ ಕಲಂ ಎಲ್ಲಿಯಾದರೂ ಬರೆದಿದೆಯೇ ನೋಡಿ. ಅದು 10, 8 ಅಥವಾ 6 ಎಂಬಂಥ ಸಮಸಂಖ್ಯೆಯಾಗಿದ್ದು, ರುಚಿಯ ಕಲಮಿನಲ್ಲಿ 7.25, 7.50 ಎಂಬ ಕಾಲು ಅರ್ಧಗಳಿದ್ದರೆ ಹಳೆಯ ನಮೂನೆ. ಎಲ್ಲವೂ ಒಂಬತ್ತರೊಳಗಿನ ಪೂರ್ಣಾಂಕಗಳಾಗಿದ್ದರೆ ಹೊಸದು. ಏನೂ ಸಿಗದಿದ್ದರೆ ಆ ಸಾಲಿನ ನಮೂನೆಯ ಕಲಮಿನಲ್ಲಿ “ತಿಳಿಯದು” ಎಂದು ಬರೆದು ಹಾಗೆಯೇ ಬಿಡಿ. ಅಂಥ ಸಾಲನ್ನು ಬೇರೆ ವರ್ಷಗಳೊಡನೆ ಹೋಲಿಸುವ ಲೆಕ್ಕಕ್ಕೆ ಎಳೆಯಬೇಡಿ.